ಮಗ 4 ಅಂದ, ಮುಂದೇನು ಕೇಳಲಿ?

ಹುಡುಗನ ಅಪ್ಪ: ಮಗನಿಗೆ 16, ವೇಪ್, ಅಂದರೆ ಇ-ಸಿಗರೇಟ್ ಎಳೆಯುತ್ತಾನೆ. ಬಿಡಬೇಕು ಅನ್ನುತ್ತಾನೆ, ಮರುಗಳಿಗೆಯೇ ಬೇಡ ಅನ್ನುತ್ತಾನೆ. ಬಿಡುವುದು ನಿನಗೆ ಎಷ್ಟು ಮುಖ್ಯ, 0ರಿಂದ 10ರೊಳಗೆ ಹೇಳು ಎಂದೆ. 4 ಎಂದ. "ಯಾಕೆ 8 ಅಲ್ಲ?" ಎಂದೆ. ಅರ್ಧ ಗಂಟೆ ವೇಪ್ ಪರವಾಗಿಯೇ ವಾದ ಮಾಡಿದ. ಎಲ್ಲಿ ತಪ್ಪಿದೆ?

ಕೌನ್ಸೆಲರ್: ಕೊನೆಯ ಪ್ರಶ್ನೆಯಲ್ಲಿ. "4 ಯಾಕೆ, 2 ಯಾಕಲ್ಲ?" ಎಂದು ಕೇಳಬೇಕಿತ್ತು. 8 ಯಾಕಲ್ಲ ಎಂದರೆ ಬಿಡದಿರಲು ಕಾರಣ ಹುಡುಕಲೇಬೇಕು. ಹುಡುಕಿ ಹೇಳಿದ ಮೇಲೆ ಅದೇ ನಿಜ ಅನ್ನಿಸುತ್ತದೆ.

ನನ್ನ ಹತ್ತಿರ ಬಂದ ಹುಡುಗನೊಬ್ಬ 3 ಎಂದಿದ್ದ. 1 ಯಾಕಲ್ಲ ಎಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಪರೀಕ್ಷೆ ಮಧ್ಯೆ ಎದ್ದು ಓಡಬೇಕು ಅನ್ಸುತ್ತೆ" ಎಂದ. ಆಗ ನಿಕೋಟಿನ್ ಪಾಠ ಶುರು ಮಾಡಲು ನನಗೂ ಬಾಯಿ ತುರಿಸಿತು, ಸುಳ್ಳಾಡುವುದಿಲ್ಲ. "ವೇಪ್ ಕರೆದಾಗೆಲ್ಲ ನೀನು ಹೋಗಬೇಕು" ಎಂದೆ, ಅಷ್ಟೇ. "ಹೂಂ, ಅದೇ ಸಿಟ್ಟು" ಎಂದು ಮುಂದಿನದ್ದನ್ನು ಅವನೇ ಹೇಳಿದ.

ಮೇಷ್ಟ್ರು: ಇಷ್ಟೆಲ್ಲ ಯಾಕೆ? ಲಾಭ ಒಂದು ಕಡೆ, ನಷ್ಟ ಒಂದು ಕಡೆ ಬರೆಸಿ. ಅವನಿಗೇ ಗೊತ್ತಾಗುತ್ತದೆ.

ಕೌನ್ಸೆಲರ್: ಅರ್ಧ ಸರಿ ಮೇಷ್ಟ್ರೇ. ಏನು ಇಷ್ಟ ಅಂತ ಮೊದಲು ಕೇಳಿದರೆ ಹುಡುಗ ನಿಜ ಹೇಳುತ್ತಾನೆ. ಆದರೆ ಮನಸ್ಸು ಎರಡಾಗಿರುವವನಿಗೆ ಎರಡನ್ನೂ ಸಮವಾಗಿ ಬರೆಸಿದರೆ ಬಿಡುವ ಆಸೆ ಇನ್ನೂ ತಗ್ಗಬಹುದು. ಇಷ್ಟದ ಮಾತು ಚಿಕ್ಕದಾಗಿರಲಿ, ಅವನಿಗೆ ಚುಚ್ಚುತ್ತಿರುವುದರ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ.

ಕಾಲೇಜು ಹುಡುಗಿ: ನಾನು ಬಿಟ್ಟವಳು. ನನ್ನನ್ನು ಯಾರೂ ನಂಬರ್ ಕೇಳಲಿಲ್ಲ. ಎರಡನೇ ಮೂರನೇ ದಿನ ಮನೆಯವರ ಮೇಲೆಲ್ಲ ಹರಿಹಾಯ್ದಿದ್ದೆ. ಮಾತಿನಿಂದ ಏನಾಗುತ್ತೆ?

ಕೌನ್ಸೆಲರ್: ನಿನಗೆ ಬಿಡಬೇಕು ಅಂತ ಆಗಲೇ ಗಟ್ಟಿಯಾಗಿತ್ತು, ಇವರ ಮಗನಿಗೆ ಇನ್ನೂ ಇಲ್ಲ. ಆದರೆ ನಿನ್ನ ಮಾತು ಮುಖ್ಯ. ಮೊದಲ ಕೆಲವು ದಿನ ಅತಿ ಕಷ್ಟ, ಚಡಪಡಿಕೆ ಕೆಲವು ವಾರ ಇರುತ್ತದೆ. ಕಣ್ಣು ಬಿಟ್ಟ ಕೂಡಲೇ ವೇಪ್ ಬೇಕು ಎನ್ನುವವನಿಗೆ ಮಾತು ಸಾಲದು, ಡಾಕ್ಟರೂ ಬೇಕು.

ಹುಡುಗನ ಅಪ್ಪ: 0 ಎಂದಿದ್ದರೆ?

ಕೌನ್ಸೆಲರ್: ಅದಕ್ಕಿಂತ ಕೆಳಗೆ ಏನಿದೆ ಹೇಳಿ! "ಏನಾದರೆ 1 ಆಗಬಹುದು?" ಎಂದು ಕೇಳಿ, ಉತ್ತರ ಬರದಿದ್ದರೆ ಅವತ್ತಿಗೆ ಬಿಡಿ.

ಇನ್ನೊಬ್ಬ ಅಮ್ಮ: ಕೌನ್ಸೆಲರ್ ಎದ್ದು ಹೋಗುತ್ತಾರೆ, ನಾವು ಅದೇ ಮನೆಯಲ್ಲಿರಬೇಕು. ಹೆತ್ತವರಿಗೆ ಬಿಡಿಸಲೇಬೇಕು ಅಂತ ಇರುತ್ತದೆ. ಅದು ಮಕ್ಕಳಿಗೆ ಗೊತ್ತಾಗಲ್ವಾ?

ಕೌನ್ಸೆಲರ್: ಗೊತ್ತಾಗುತ್ತದೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮುಚ್ಚಿಡುವುದಕ್ಕಿಂತ "ನನಗೆ ನೀನು ಬಿಡಬೇಕು ಅಂತಿದೆ, ಆದರೂ ನಿನ್ನ ಮಾತು ಕೇಳಬೇಕು, ಮಾತಾಡಬಹುದಾ?" ಎನ್ನುವುದು ಮೇಲು.

ಹುಡುಗನ ಅಪ್ಪ: ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಹಾಗೇ ಕೇಳಿದೆ. "ಇದನ್ನ ಯಾರೋ ಹೇಳಿಕೊಟ್ಟಿದ್ದಾರೆ, ಅಲ್ವಾ ಅಪ್ಪ?" ಎಂದ. ಹೌದು ಎಂದೆ. ನಕ್ಕ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಆಟ ಆಡುವಾಗ ಬೇಗ ಉಸಿರು ಕಟ್ಟುತ್ತೆ, ಅದಕ್ಕೇ 4" ಎಂದ.