ಸಹಾಯ ಬೇಕು: ಆಗುಂಬೆ ಮಳೆಯಲ್ಲಿ ನೆನೆದ ಕ್ಯಾಮೆರಾ ಆನ್ ಮಾಡಬಹುದಾ?

ಮೊನ್ನೆ ಸಂಜೆ ಆಗುಂಬೆಯಲ್ಲಿ ಬ್ಯಾಗಿನ ಜಿಪ್ ಹಾಕೋದು ಮರೆತು ನನ್ನ ಡಿಎಸ್ಎಲ್ಆರ್ ಪೂರ್ತಿ ನೆನೆಯಿತು. ಆಗ ಅದು ಆಫ್ ಆಗಿತ್ತು, ಪುಣ್ಯ. ತಕ್ಷಣ ಬ್ಯಾಟರಿ, ಕಾರ್ಡ್ ತೆಗೆದೆ. ಹೊರಗೆಲ್ಲಾ ಒರೆಸಿದ ಮೇಲೆ ಲೆನ್ಸ್ ಬಿಚ್ಚಿ, ಬಾಡಿಯ ಬಾಯಿ ಕೆಳಗೆ ಮಾಡಿ ಇಟ್ಟೆ.

ಮನೆಯಲ್ಲಿ ಅಕ್ಕಿ ಡಬ್ಬದಲ್ಲಿ ಹೂತಿಡು ಅಂದರು. ಒಪ್ಪಲಿಲ್ಲ. ಅಕ್ಕಿ ತೇವ ಎಳೆಯೋದು ಕಡಿಮೆ, ಹಿಟ್ಟು ಸಂದಿಗೆ ಸೇರೋದೇ ಜಾಸ್ತಿ ಅಲ್ವಾ? ಹೇರ್ ಡ್ರೈಯರ್ ಕೂಡ ಬೇಡ ಅಂದೆ, ಅದರ ಗಾಳಿ ನೀರನ್ನು ಇನ್ನೂ ಒಳಗೆ ತಳ್ಳುತ್ತೆ, ಬಿಸಿಗೆ ಅಂಟು, ರಬ್ಬರ್ ಸಡಿಲವಾಗಬಹುದು. ರಾತ್ರಿಯೆಲ್ಲಾ ಫ್ಯಾನ್ ಕೆಳಗಿಟ್ಟು, ಬೆಳಿಗ್ಗೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಕ್ಕೆ ಹಾಕಿದೆ. ಮಲೆನಾಡಿನ ಮಳೆಗಾಲದಲ್ಲಿ ಸುಮ್ನೆ ಹೊರಗಿಟ್ಟರೆ ಎಲ್ಲಿ ಒಣಗುತ್ತೆ!

ಈಗ 36 ಗಂಟೆ ಆಯಿತು. ಬಾಡಿ ಒಣಗಿದಂತಿದೆ, ಆದರೆ ಲೆನ್ಸಿನ ಮುಂದಿನ ಗಾಜಿನ ಒಳಗಡೆ ಕಾಸಿನಗಲ ಮಂಜು ಹಾಗೇ ಇದೆ. ಬ್ಯಾಟರಿ ಕೂರುವ ಜಾಗದ ಒಂದು ಪಿನ್ ಮೇಲೆ ಹಸಿರು ಚುಕ್ಕೆಯೂ ಕಾಣುತ್ತಿದೆ, ಅದು ತುಕ್ಕಿನ ಶುರುವೇ ಅನ್ನೋ ಭಯ. ಬೇರೆ ಲೆನ್ಸ್ ಹಾಕಿ ಒಮ್ಮೆ ಆನ್ ಮಾಡಿ ನೋಡಲಾ, ಅಥವಾ ಮುಟ್ಟದೆ ನೇರ ಸರ್ವಿಸ್‌ಗೆ ಕೊಡಲಾ? ಲೆನ್ಸ್ ಒಳಗೆ ಬೂಸ್ಟು ಹಿಡಿಯೋ ಮುಂಚೆ ಮಂಜು ಹೋಗಿಸಿದವರು ಇದ್ದರೆ ಹೇಗೆ ಅಂತ ಹೇಳಿ. ಶಿವಮೊಗ್ಗ ಕಡೆ ಬಾಡಿ ಬಿಚ್ಚಿ ಕ್ಲೀನ್ ಮಾಡೋರು ಗೊತ್ತಿದ್ದರೂ ತಿಳಿಸಿ.