ಸಹಾಯ ಬೇಕು: ಮೇಲಿನ ಕಾಲ್‌ನ ಐವಿ ಯಾಕೆ ಏರುತ್ತದೆ?

ತುಮಕೂರಿನ ಗೆಳೆಯರೇ, ಆಪ್ಷನ್ ಲೆಕ್ಕ ಗೊತ್ತಿರುವವರು ದಯವಿಟ್ಟು ನೋಡಿ. ನಿಫ್ಟಿ ಫ್ಯೂಚರ್ 24,000 ಅಂದುಕೊಳ್ಳಿ. ಒಂದೇ ಎಕ್ಸ್‌ಪೈರಿಗೆ ನನಗೆ ಸಿಗುವ ಐವಿ ಹೆಚ್ಚುಕಡಿಮೆ ಹೀಗಿದೆ: 24,000ಕ್ಕೆ 12%, 22,800 ಪುಟ್‌ಗೆ 18%, 25,200 ಕಾಲ್‌ಗೆ 13%. ಬ್ಲ್ಯಾಕ್-ಶೋಲ್ಸ್ ಪ್ರಕಾರ ಮೂರೂ ಒಂದೇ ಇರಬೇಕಿತ್ತು, ಅಲ್ವಾ?

ಪುಟ್‌ನದು ಅರ್ಥವಾಗುತ್ತದೆ. ಆ ಮಾದರಿಯಲ್ಲಿ ಬೆಲೆ ಜಿಗಿಯುವುದೇ ಇಲ್ಲ, ನಿಜದಲ್ಲಿ ಮಾರ್ಕೆಟ್ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ಫಂಡ್‌ಗಳು ರಕ್ಷಣೆಗೆ ಕೆಳಗಿನ ಪುಟ್ ಕೊಳ್ಳುತ್ತವೆ, ಬೆಲೆ ಏರುತ್ತದೆ. ಅಮೆರಿಕದ ಇಂಡೆಕ್ಸ್ ಆಪ್ಷನ್‌ಗಳಲ್ಲಿ ಈ ಓರೆ ಎದ್ದು ಕಂಡಿದ್ದೂ 1987ರ ಅಕ್ಟೋಬರ್ ಕುಸಿತದ ನಂತರವೇ.

ಆದರೆ ಮೇಲಿನ ಕಾಲ್‌ನ ಐವಿ ಯಾಕೆ ಏರಬೇಕು? ವೋಲಟಿಲಿಟಿ ತಾನೇ ಬದಲಾಗುತ್ತಿರುವುದರಿಂದ ದೊಡ್ಡ ಏರಿಕೆಯ ಸಾಧ್ಯತೆಯೂ ಜಾಸ್ತಿಯಾಗುತ್ತದೆ, ಅದೇ ಕಾರಣವಾ? ಒಂದೇ ಸ್ಟ್ರೈಕ್‌ನ ಕಾಲ್, ಪುಟ್ ಐವಿ ತಾಳೆಯಾಗುತ್ತಿವೆ, ಹಾಗಾಗಿ ಫ್ಯೂಚರ್ ಬೆಲೆ ತಪ್ಪಾಗಿ ಹಾಕಿದ್ದಲ್ಲ. ಬಿಡಿಸಿ ಹೇಳುತ್ತೀರಾ?