ಅಪ್‌ಡೇಟ್: ಬಾಡಿಗೆ ಮನೆಯಿಂದ ಊಟದ ಡಬ್ಬಿ, ರಿಜಿಸ್ಟ್ರೇಷನ್ ಸಿಕ್ಕಿತು

ನಾನು ಕೇಳಿದ್ದು: "ವಿಜಯನಗರದ ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿ ದಿನಕ್ಕೆ 40 ಡಬ್ಬಿ ಕೊಡಬೇಕು ಅಂತಿದ್ದೀನಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ರಿಜಿಸ್ಟ್ರೇಷನ್ ಸಾಕಾ, ಲೈಸೆನ್ಸೇ ಬೇಕಾ?"

ಇದು 2024ರ ಕಥೆ. ಆಗ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ರಿಜಿಸ್ಟ್ರೇಷನ್ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ. ವಹಿವಾಟು ಅಂದರೆ ಲಾಭ ಅಲ್ಲ, ಕೈಗೆ ಬರುವ ಒಟ್ಟು ದುಡ್ಡು. ನಾನು ಮೊದಲು ಎಡವಿದ್ದೇ ಇಲ್ಲಿ. 80 ರೂಪಾಯಿಯ 40 ಡಬ್ಬಿ, ತಿಂಗಳಿಗೆ 26 ದಿನ ಅಂದರೆ 83,200. ವರ್ಷಕ್ಕೆ 9,98,400. ಸರಿಹೋಯ್ತು ಅಂದುಕೊಂಡೆ. ಆದರೆ ಜೊತೆಗೆ ತಿಂಗಳಿಗೆ 20 ಸಾವಿರದ ಚಟ್ನಿಪುಡಿ ಮಾರುವ ಆಸೆಯೂ ಇತ್ತು. ಅದನ್ನು ಸೇರಿಸಿದರೆ 12,38,400, ಮಿತಿ ದಾಟುತ್ತೆ. ಹಾಗಾಗಿ ಪುಡಿ ಸದ್ಯಕ್ಕೆ ಬಿಟ್ಟೆ. ನೀವು ಅರ್ಜಿ ಹಾಕುವ ವರ್ಷದ ಮಿತಿ ಎಷ್ಟು ಅಂತ ಎಫ್‌ಎಸ್‌ಎಸ್‌ಎಐನ ಫೋಸ್ಕಾಸ್ ಪೋರ್ಟಲ್‌ನಲ್ಲಿ ನೋಡಿಯೇ ಲೆಕ್ಕ ಹಾಕಿ.

ಅರ್ಜಿ ಒಮ್ಮೆ ವಾಪಸ್ ಬಂತು. ಆಧಾರ್‌ನಲ್ಲಿ ಹಾಸನದ ವಿಳಾಸ, ಅಡುಗೆಮನೆ ಇಲ್ಲಿ. ಬಾಡಿಗೆ ಕರಾರಿನ ಜೊತೆ, "ಇಲ್ಲಿ ಅಡುಗೆ ಮಾಡಿ ಮಾರಲು ಒಪ್ಪಿಗೆ ಇದೆ" ಅಂತ ಓನರ್ ಆಂಟಿ ಹತ್ತಿರ ಬರೆಸಿಕೊಂಡು ಹಾಕಿದೆ. ಆಮೇಲೆ ಸಿಕ್ಕಿತು. ಕರಾರಿನಲ್ಲಿ "ವಾಸಕ್ಕೆ ಮಾತ್ರ" ಅಂತಿದ್ದರೆ ಮೊದಲೇ ಓನರ್ ಜೊತೆ ಮಾತಾಡಿ, ಪ್ಲೀಸ್.

ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇರೆಯದೇ ವಿಷಯ, ರಿಜಿಸ್ಟ್ರೇಷನ್ ಇದೆ ಅಂತ ಅದು ತಪ್ಪೋದಿಲ್ಲ. ಅದನ್ನು ನಮ್ಮ ವಾರ್ಡಿನ ಆರೋಗ್ಯ ವಿಭಾಗದಲ್ಲಿ ವಿಚಾರಿಸುತ್ತಿದ್ದೀನಿ.

14 ಅಂಕಿಯ ನಂಬರ್ ಇರುವ ಸರ್ಟಿಫಿಕೇಟನ್ನು ಒಲೆ ಎದುರಿನ ಗೋಡೆಗೆ ಹಾಕಿದ್ದೀನಿ. ಒಗ್ಗರಣೆ ಸಿಡಿಯುತ್ತೆ ಅಂತ ಅಮ್ಮ ಮೊದಲೇ ಲ್ಯಾಮಿನೇಟ್ ಮಾಡಿಸಿದ್ದರು.